ಮೇಂಟೆನೆನ್ಸ್ ಬಿಲ್ಲಿನ ತಕರಾರು ಮತ್ತು ಲೆಕ್ಕಪತ್ರ ಕೋರಿ ಮಾಲೀಕರ ಸಂಘಕ್ಕೆ ಪತ್ರ

ದಿನಾಂಕ: 14-06-2025
ಸ್ಥಳ: ಕಲಬುರಗಿ

ಇವರಿಂದ:
ಮಾಲೀಕರು, ಫ್ಲ್ಯಾಟ್ ಬಿ-304
ಜೇವರ್ಗಿ ರಸ್ತೆ, ಕಲಬುರಗಿ

ಇವರಿಗೆ:
ಗೌರವ ಕಾರ್ಯದರ್ಶಿಗಳು
ಅಪಾರ್ಟ್‌ಮೆಂಟ್ ಮಾಲೀಕರ ಸಂಘ, ಎ ಮತ್ತು ಬಿ ಬ್ಲಾಕ್
ಜೇವರ್ಗಿ ರಸ್ತೆ, ಕಲಬುರಗಿ

ವಿಷಯ: ಮೇ 2025ರ ಮೇಂಟೆನೆನ್ಸ್ ಬಿಲ್ಲು ರೂ. 5,487ಕ್ಕೆ ತಕರಾರು; 2024-25ನೇ ಸಾಲಿನ ಲೆಕ್ಕಪತ್ರ ಒದಗಿಸುವ ಬಗ್ಗೆ

ಉಲ್ಲೇಖ: ತಾವು 05-06-2025ರಂದು ಕೊಟ್ಟ ಬಿಲ್ಲು ಮತ್ತು ನೋಟಿಸ್ ಬೋರ್ಡಿಗೆ ಹಚ್ಚಿದ ಸೂಚನೆ

ಮಾನ್ಯರೇ,

ಉಲ್ಲೇಖಿತ ಬಿಲ್ಲಿನಲ್ಲಿ ಮೇಂಟೆನೆನ್ಸ್ ರೂ. 3,000, ಜನರೇಟರ್ ಡೀಸೆಲ್ ರೂ. 650, ನೀರಿನ ಟ್ಯಾಂಕರ್ ರೂ. 1,000 ಮತ್ತು ಇವೆಲ್ಲದರ ಮೇಲೆ ಶೇ. 18 ಜಿಎಸ್‌ಟಿ ರೂ. 837 ಎಂದು ಹಾಕಲಾಗಿದೆ. ಇದರಲ್ಲಿ ರೂ. 1,514ನ್ನು ಒಪ್ಪುವುದಿಲ್ಲ. ಕಾರಣಗಳು ಹೀಗಿವೆ.

ಮೊದಲನೆಯದು ಮೇಂಟೆನೆನ್ಸ್ ದರ. ಮಾರ್ಚ್‌ವರೆಗೆ ಚದರ ಅಡಿಗೆ ರೂ. 2ರಂತೆ 980 ಚದರ ಅಡಿಯ ಫ್ಲ್ಯಾಟಿಗೆ ರೂ. 1,960, 1,420 ಚದರ ಅಡಿಯ ಫ್ಲ್ಯಾಟಿಗೆ ರೂ. 2,840 ಇತ್ತು. ಏಪ್ರಿಲ್‌ನಿಂದ ಎಲ್ಲರಿಗೂ ಒಂದೇ ರೂ. 3,000 ಮಾಡಿದ್ದೀರಿ. ಅಂದರೆ ಸಣ್ಣ ಫ್ಲ್ಯಾಟಿಗೆ ರೂ. 1,040 ಏರಿತು, ದೊಡ್ಡದಕ್ಕೆ ಏರಿದ್ದು ರೂ. 160 ಮಾತ್ರ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ರ ಪ್ರಕಾರ ಸಾಮಾನ್ಯ ವೆಚ್ಚವನ್ನು ಹಂಚಬೇಕಾದದ್ದು ಪ್ರತಿ ಮಾಲೀಕರಿಗೆ ಸಾಮಾನ್ಯ ಜಾಗದಲ್ಲಿರುವ ಅವಿಭಜಿತ ಪಾಲಿನ ಶೇಕಡಾವಾರು ಲೆಕ್ಕದಲ್ಲಿ. ನಮ್ಮ ನೋಂದಾಯಿತ ಘೋಷಣಾ ಪತ್ರದ ಅನುಬಂಧದಲ್ಲಿ ಬಿ-304ರ ಪಾಲು ಶೇ. 2.316 ಇದೆ. 980 ಚದರ ಅಡಿಯ 20 ಮತ್ತು 1,420 ಚದರ ಅಡಿಯ 16 ಫ್ಲ್ಯಾಟುಗಳ ಒಟ್ಟು 42,320 ಚದರ ಅಡಿಯಿಂದ 980ನ್ನು ಭಾಗಿಸಿ ನೋಡಿದರೂ ಅಷ್ಟೇ ಬರುತ್ತದೆ. 36 ಫ್ಲ್ಯಾಟುಗಳಿಂದ ತಿಂಗಳಿಗೆ ರೂ. 1,08,000 ಬೇಕೇ ಬೇಕು ಎಂದಿಟ್ಟುಕೊಂಡರೂ ಬಿ-304ರ ಪಾಲು ರೂ. 2,501. ಹೆಚ್ಚಾಗಿ ಹಾಕಿದ್ದು ರೂ. 499. ಈ ಬದಲಾವಣೆಗೆ ಸರ್ವಸದಸ್ಯರ ಸಭೆಯ ಠರಾವು ಆಗಿದ್ದರೆ ಅದರ ನಡಾವಳಿ ಪ್ರತಿ ಕೊಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತಿದವರ ಸಂಖ್ಯೆಯನ್ನು ಠರಾವು ಎನ್ನಲಾಗದು.

ಜಿಎಸ್‌ಟಿ ವಿಷಯದಲ್ಲಿ ವಾದಕ್ಕೆ ಜಾಗವೇ ಇಲ್ಲ. ಮಾಲೀಕರ ಸಂಘ ತನ್ನ ಸದಸ್ಯರಿಂದ ಸಾಮಾನ್ಯ ಸೌಲಭ್ಯಗಳಿಗೆ ಪಡೆಯುವ ವಂತಿಗೆ ಒಬ್ಬರಿಗೆ ತಿಂಗಳಿಗೆ ರೂ. 7,500ರ ಒಳಗಿದ್ದರೆ ತೆರಿಗೆ ವಿನಾಯಿತಿ ಇದೆ. ನಮ್ಮದು ಡೀಸೆಲ್, ಟ್ಯಾಂಕರ್ ಸೇರಿದರೂ ರೂ. 4,650. ಸಂಘದ ವರ್ಷದ ಮೇಂಟೆನೆನ್ಸ್ ವಸೂಲಿ ರೂ. 12.96 ಲಕ್ಷ, ನೋಂದಣಿ ಕಡ್ಡಾಯವಾಗುವ ರೂ. 20 ಲಕ್ಷದ ಮಿತಿಗೂ ಅದು ಮುಟ್ಟುವುದಿಲ್ಲ. ಬಿಲ್ಲಿನ ಮೇಲೆ ಜಿಎಸ್‌ಟಿ ನೋಂದಣಿ ಸಂಖ್ಯೆಯೂ ಇಲ್ಲ. ನೋಂದಣಿ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ. ಸೆಕ್ಯುರಿಟಿ ಏಜೆನ್ಸಿ, ಲಿಫ್ಟ್ ಕಂಪನಿಯವರು ತಮ್ಮ ಬಿಲ್ಲಿನಲ್ಲಿ ಹಾಕುವ ಜಿಎಸ್‌ಟಿ ಈಗಾಗಲೇ ಖರ್ಚಿನೊಳಗೆ ಸೇರಿರುತ್ತದೆ. ಅದನ್ನೇ ನೆಪ ಮಾಡಿ ಮತ್ತೊಮ್ಮೆ ಶೇ. 18 ಕೂಡಿಸಲಾಗದು. ರೂ. 837 ರದ್ದಾಗಬೇಕು. ಏಪ್ರಿಲ್ ಬಿಲ್ಲಿನಲ್ಲಿ ಇದೇ ರೀತಿ ಕಟ್ಟಿಸಿಕೊಂಡ ಜಿಎಸ್‌ಟಿ ರೂ. 540 ಮತ್ತು ಹೆಚ್ಚುವರಿ ಮೇಂಟೆನೆನ್ಸ್ ರೂ. 499, ಒಟ್ಟು ರೂ. 1,039ನ್ನು ಮುಂದಿನ ಬಿಲ್ಲಿಗೆ ಜಮಾ ಮಾಡಿ. ಏಪ್ರಿಲ್‌ನಲ್ಲಿ 36 ಫ್ಲ್ಯಾಟುಗಳಿಂದ ವಸೂಲಾದ ಜಿಎಸ್‌ಟಿ ಯಾವ ಖಾತೆಗೆ ಹೋಯಿತು, ಸರ್ಕಾರಕ್ಕೆ ಕಟ್ಟಿದ್ದರೆ ಚಲನ್ ಎಲ್ಲಿ ಎಂಬುದನ್ನೂ ತಿಳಿಸಿ.

ಟ್ಯಾಂಕರ್ ಲೆಕ್ಕದಲ್ಲಿ ಮೇ ತಿಂಗಳಿಗೆ ರೂ. 800ರಂತೆ 45 ಟ್ರಿಪ್, ರೂ. 36,000 ತೋರಿಸಲಾಗಿದೆ. ಗೇಟಿನ ರಿಜಿಸ್ಟರಿನಲ್ಲಿ ಆ ತಿಂಗಳು ಟ್ಯಾಂಕರ್ ಒಳಗೆ ಬಂದ ನಮೂದು 37 ಮಾತ್ರ. ಉಳಿದ 8 ಟ್ರಿಪ್‌ನ ರೂ. 6,400ಕ್ಕೆ ಚೀಟಿ ತೋರಿಸಬೇಕು. ಬಿ-304ರ ಪಾಲು ರೂ. 178. ವಾಚ್‌ಮನ್ ಬರೆಯಲು ಮರೆತಿರಲೂಬಹುದು, ಆಗ ಟ್ಯಾಂಕರಿನವರ ಸಹಿ ಇರುವ ಚೀಟಿ ಸಾಕು. ಬಂದ ಟ್ಯಾಂಕರ್ ತುಂಬಿತ್ತೇ ಎಂಬುದೂ ಮುಖ್ಯ. ನಮ್ಮ ಸಂಪಿನ ಒಳ ಅಳತೆ 4 ಮೀಟರ್ × 2.5 ಮೀಟರ್. 5,000 ಲೀಟರ್ ಬಿದ್ದರೆ ನೀರು ಸರಿಯಾಗಿ 50 ಸೆಂ.ಮೀ. ಏರಬೇಕು. ಮೋಟರ್ ಬಂದ್ ಮಾಡಿ, ಬೋರ್ ಮತ್ತು ನಳದ ವಾಲ್ವ್ ಮುಚ್ಚಿ, ಟ್ಯಾಂಕರ್ ಖಾಲಿ ಮಾಡುವ ಮೊದಲು ಮತ್ತು ನಂತರ ಅಳತೆಕೋಲು ಇಳಿಸಿ ನೋಡಿದರೆ ಎರಡು ನಿಮಿಷದ ಕೆಲಸ. 40 ಸೆಂ.ಮೀ. ಮಾತ್ರ ಏರಿದರೆ ಬಂದದ್ದು 4,000 ಲೀಟರ್. ರಿಜಿಸ್ಟರಿನಲ್ಲಿ ಗಾಡಿ ನಂಬರ್, ವೇಳೆಯ ಜೊತೆಗೆ ಈ ಎರಡು ಅಳತೆಗಳ ಕಾಲಂ ಇಂದಿನಿಂದಲೇ ಹಾಕಿಸಿ.

ಡೀಸೆಲ್‌ಗೆ ರೂ. 650 ಕಟ್ಟುತ್ತಿದ್ದೇನೆ, ಆದರೆ ವಿವರ ಬೇಕು. ಮೇ ತಿಂಗಳಲ್ಲಿ 255 ಲೀಟರ್, ರೂ. 23,400 ಎಂದಿದೆ. ನಮ್ಮ 62.5 ಕೆವಿಎ ಜನರೇಟರ್ ಅರ್ಧ ಲೋಡಿನಲ್ಲಿ ಗಂಟೆಗೆ ಸುಮಾರು 8ರಿಂದ 9 ಲೀಟರ್ ಕುಡಿಯುತ್ತದೆ. ಆ ಲೆಕ್ಕಕ್ಕೆ 28ರಿಂದ 32 ಗಂಟೆ ಓಡಿರಬೇಕು. ಲಿಫ್ಟ್, ಮೋಟರ್, ಮೆಟ್ಟಿಲಿನ ದೀಪಗಳಷ್ಟೇ ಅದರ ಮೇಲಿರುವುದರಿಂದ ಲೋಡ್ ಅದಕ್ಕಿಂತ ಕಡಿಮೆ ಇದ್ದೀತು, ಆಗ ಗಂಟೆಗಳು ಇನ್ನೂ ಹೆಚ್ಚಾಗಬೇಕು. ಪ್ಯಾನೆಲ್ ಮೇಲಿನ ಅವರ್ ಮೀಟರಿನ 1 ಮೇ ಮತ್ತು 31 ಮೇ ರೀಡಿಂಗ್ ಕೊಟ್ಟರೆ ವಿಷಯ ಮುಗಿಯಿತು. ಲಾಗ್ ಬುಕ್ ಇಟ್ಟಿಲ್ಲವಾದರೆ ಜೆಸ್ಕಾಂ ಕರೆಂಟ್ ಹೋದ ವೇಳೆ, ಬಂದ ವೇಳೆ, ಮೀಟರ್ ರೀಡಿಂಗ್ ಬರೆಯುವ ಪದ್ಧತಿ ಆರಂಭಿಸಿ. ಡೀಸೆಲ್ ಮತ್ತು ಟ್ಯಾಂಕರ್ ಖರ್ಚನ್ನು ಫ್ಲ್ಯಾಟಿಗೆ ಸಮನಾಗಿ ಹಂಚಿದ್ದಕ್ಕೆ ಸದ್ಯ ತಕರಾರು ಎತ್ತಿಲ್ಲ.

ಲೆಕ್ಕಪತ್ರದ ಬಗ್ಗೆ: 1-4-2024ರಿಂದ 31-3-2025ರವರೆಗಿನ ಜಮಾ-ಖರ್ಚು ಪಟ್ಟಿ, ಆಯ-ವ್ಯಯ ಪಟ್ಟಿ, ಆಸ್ತಿ-ಹೊಣೆ ಪಟ್ಟಿ, ಲೆಕ್ಕಪರಿಶೋಧಕರ ವರದಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟಿನ ಪ್ರತಿಗಳು ಬೇಕು. ಫ್ಲ್ಯಾಟುವಾರು ಬಾಕಿ ಪಟ್ಟಿಯೂ ಇರಲಿ. ಯಾರು ಕಟ್ಟಿಲ್ಲ ಎಂಬುದು ಗೊತ್ತಾಗದೆ ದರ ಏರಿಸಿದರೆ, ಕಟ್ಟುವವರೇ ಕಟ್ಟದವರ ಭಾರ ಹೊರಬೇಕಾಗುತ್ತದೆ. ಬಿಲ್ಡರ್ ಹಸ್ತಾಂತರಿಸಿದ ಕಾರ್ಪಸ್ ಹಣ ಫ್ಲ್ಯಾಟಿಗೆ ರೂ. 30,000ದಂತೆ ರೂ. 10,80,000. ಅದು ಈಗ ಯಾವ ಬ್ಯಾಂಕಿನಲ್ಲಿ, ಯಾರ ಹೆಸರಿನ ಎಫ್‌ಡಿಯಲ್ಲಿದೆ, ಬಡ್ಡಿ ಎಷ್ಟು ಬಂದಿದೆ, ಅದರಿಂದ ದಿನನಿತ್ಯದ ಖರ್ಚಿಗೆ ತೆಗೆಯಲಾಗಿದೆಯೇ ತಿಳಿಸಿ. ಲಿಫ್ಟ್ ರೋಪ್ ಬದಲಿಗೆ ಪ್ರತ್ಯೇಕವಾಗಿ ರೂ. 38,000 ಹಾಕಿದ್ದರಿಂದ ಎಎಂಸಿ ಕರಾರಿನ ಪ್ರತಿಯೂ ಬೇಕು: ಬಿಡಿಭಾಗ ಸೇರಿದ ಕರಾರಾಗಿದ್ದರೆ ರೋಪ್ ಅದರೊಳಗೆ ಬರುತ್ತದೆಯೇ ನೋಡಬೇಕು, ಬರೀ ಸರ್ವಿಸ್ ಕರಾರಾಗಿದ್ದರೆ ಖರ್ಚು ಸರಿ.

ಈ ಪ್ರತಿಗಳನ್ನು 30-06-2025ರೊಳಗೆ ಕೊಡಿ. ಏಪ್ರಿಲ್ ಮತ್ತು ಮೇ ತಿಂಗಳ ಮೂಲ ವೋಚರುಗಳನ್ನು ಭಾನುವಾರ 22-06-2025ರಂದು ಬೆಳಿಗ್ಗೆ 10 ಗಂಟೆಗೆ ಸಂಘದ ಕಚೇರಿಯಲ್ಲಿ, ಖಜಾಂಚಿಯವರ ಎದುರು ನೋಡಲು ಅವಕಾಶ ಮಾಡಿ. ಆ ವೇಳೆ ಅನುಕೂಲವಾಗದಿದ್ದರೆ ಅದೇ ವಾರದ ಬೇರೆ ಸಂಜೆ ತಿಳಿಸಿ. ಝೆರಾಕ್ಸ್ ಖರ್ಚು ಕೊಡುತ್ತೇನೆ.

ತಕರಾರಿನ ಹಕ್ಕು ಕಾಯ್ದಿರಿಸಿಕೊಂಡು ಮೇ ತಿಂಗಳಿಗೆ ಮೇಂಟೆನೆನ್ಸ್ ರೂ. 2,501, ಡೀಸೆಲ್ ರೂ. 650, ಟ್ಯಾಂಕರ್ ರೂ. 822, ಒಟ್ಟು ರೂ. 3,973ನ್ನು ಇಂದೇ ಸಂಘದ ಬ್ಯಾಂಕ್ ಖಾತೆಗೆ ಜಮಾ ಮಾಡಿದ್ದೇನೆ. ರಸೀದಿಯಲ್ಲಿ ಈ ವಿಂಗಡಣೆ ಬರೆಯಿಸಿ. ಉಳಿದ ರೂ. 1,514 ತಕರಾರಿನಲ್ಲಿರುವ ಮೊತ್ತ, ಬಾಕಿಯಲ್ಲ. ಇತ್ಯರ್ಥವಾಗುವವರೆಗೆ ಅದರ ಮೇಲೆ ದಂಡ, ಬಡ್ಡಿ ಹಾಕಬಾರದು. 20ನೇ ತಾರೀಖಿನೊಳಗೆ ಕಟ್ಟದಿದ್ದರೆ ನೀರು ಬಂದ್ ಮಾಡುವುದಾಗಿ ಬೋರ್ಡಿನಲ್ಲಿ ಬರೆದ ಸೂಚನೆಯನ್ನು ಹಿಂಪಡೆಯಿರಿ. ಬಾಕಿ ವಸೂಲಿಗೆ ಕಾನೂನಿನ ದಾರಿ ಇದೆ, ಮನೆಯ ನೀರಿನ ವಾಲ್ವ್ ತಿರುಗಿಸುವುದು ಆ ದಾರಿಯಲ್ಲ.

ಉತ್ತರವನ್ನು ಲಿಖಿತವಾಗಿ ಕೊಡಬೇಕಾಗಿ ವಿನಂತಿ. ಈ ಪತ್ರದ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಸಹಿ, ದಿನಾಂಕ ಹಾಕಿ ಹಿಂದಿರುಗಿಸಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಮಾಲೀಕರು, ಫ್ಲ್ಯಾಟ್ ಬಿ-304

ಲಗತ್ತು: ಏಪ್ರಿಲ್ ಮತ್ತು ಮೇ ಬಿಲ್ಲುಗಳು, ಏಪ್ರಿಲ್ ರಸೀದಿ, ರೂ. 3,973 ಪಾವತಿಯ ಪುರಾವೆ, ಘೋಷಣಾ ಪತ್ರದ ಅನುಬಂಧದ ಪುಟ, ಗೇಟ್ ರಿಜಿಸ್ಟರಿನ ಮೇ ತಿಂಗಳ ಪುಟಗಳ ಫೋಟೋ

ಪ್ರತಿ: ಅಧ್ಯಕ್ಷರು ಮತ್ತು ಖಜಾಂಚಿಗಳು, ಮಾಲೀಕರ ಸಂಘ