ಈಶ್ವರ ಗುಡಿಯ ಹೊಂಡದ ದುರಸ್ತಿಗೆ ನಿಮ್ಮ ನೆರವು ಬೇಕು

ಊರಿನ ಹಿರಿಯರಿಗೆ, ತಾಯಂದಿರಿಗೆ, ಹೊರಗೆ ದುಡಿಯಲು ಹೋದ ಮಕ್ಕಳಿಗೆ, ಗದಗ ತಾಲೂಕಿನ ಎಲ್ಲ ಭಕ್ತರಿಗೆ ಶರಣು ಶರಣಾರ್ಥಿ.

ಕಳೆದ ಹಿಂಗಾರು ಮಳೆಗೆ ನಮ್ಮ ಹೊಂಡದ ಮೂಡಣ ಗೋಡೆ 18 ಅಡಿಯಷ್ಟು ಕುಸಿದದ್ದು ನಿಮಗೆ ಗೊತ್ತೇ ಇದೆ. ರಾತ್ರಿ ಬಿದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಆ ಕಡೆಯ ಪಾವಟಿಗೆಗಳಿಗೆ ಬೇಲಿ ಹಾಕಿದ್ದೇವೆ. ಕಾರ್ತಿಕದ ದೀಪಗಳನ್ನೂ ಈ ಸಲ ಗುಡಿಯ ಕಟ್ಟೆಯ ಮೇಲೆಯೇ ಹಚ್ಚಬೇಕಾಯಿತು.

ಗೋಡೆ ಬೀಳಲು ಮಳೆ ಮಾತ್ರ ಕಾರಣವಲ್ಲ. ಹತ್ತು ವರ್ಷದ ಹಿಂದೆ ಕಲ್ಲಿನ ಸಂದುಗಳಿಗೆಲ್ಲ ಸಿಮೆಂಟ್ ಮೆತ್ತಿಸಿದ್ದು ನಮ್ಮದೇ ಕಮಿಟಿ. ಚಂದ ಕಾಣುತ್ತದೆ, ಗಟ್ಟಿಯಾಗುತ್ತದೆ ಅಂದುಕೊಂಡೆವು. ನಮ್ಮದು ಎರೆಮಣ್ಣು ಅಲ್ವಾ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೊದಲು ಗೋಡೆಯ ಹಿಂದಿನ ನೀರು ಸಂದಿನಿಂದ ಜಿನುಗಿ ಹೊಂಡಕ್ಕೆ ಇಳಿಯುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು. ನೀರು ಹಿಂದೆಯೇ ನಿಂತು, ಮಣ್ಣು ಉಬ್ಬಿ, ಗೋಡೆಯನ್ನು ಒಳಕ್ಕೆ ನೂಕಿತು. ಸಂದಿನಲ್ಲಿ ಬೇರು ಬಿಟ್ಟ ಅರಳಿ ಗಿಡವೂ ತನ್ನ ಕೆಲಸ ಮಾಡಿತು. ಇದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇವೆ.

ಹಾಗಾಗಿ ಈ ಸಲ ಸುಣ್ಣದ ಗಾರೆಯಲ್ಲೇ ಕಟ್ಟಿಸಲು ತೀರ್ಮಾನಿಸಿದ್ದೇವೆ. ಕಾಂಕ್ರೀಟ್ ಗೋಡೆಗೆ ಒಬ್ಬ ಗುತ್ತಿಗೆದಾರರು 4,00,000 ರೂಪಾಯಿ ಹೇಳಿದ್ದರು. ಗಾರೆ ಕೆಲಸಕ್ಕೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಸುಣ್ಣ ಅರಳಿಸಬೇಕು, ಹದಕ್ಕೆ ಬರಲು ಕಾಯಬೇಕು, ಗಾರೆ ಅರೆಯಬೇಕು, ಕಟ್ಟಿದ ಮೇಲೆ ದಿನಾ ನೀರು ಉಣಿಸಬೇಕು. ಅವಸರಕ್ಕೆ ಆಗುವ ಕೆಲಸವಲ್ಲ. ನಮ್ಮದೇನು ಲಕ್ಕುಂಡಿಯ ಮುಸುಕಿನ ಬಾವಿಯಂಥ ಕೆತ್ತನೆಯ ಬಾವಿಯಲ್ಲ, ಸಾದಾ ಹೊಂಡ. ಆದರೆ ಬಿದ್ದ ಕಲ್ಲುಗಳಲ್ಲಿ ಒಡೆದದ್ದು 38 ಮಾತ್ರ. ಉಳಿದವು ಇನ್ನೂ ಗಟ್ಟಿ ಇವೆ. ಅವನ್ನು ಬಿಸಾಕಿ ಕಾಂಕ್ರೀಟ್ ಸುರಿಯಲು ಮನಸ್ಸು ಬರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನೀರು ಖಾಲಿ ಮಾಡಿ ಹೂಳೆತ್ತಲು 1,10,000. ಕಲ್ಲು ಬಿಚ್ಚಿ ಮತ್ತೆ ಕೂಡಿಸುವ ಕೂಲಿಗೆ ಮತ್ತು ಕ್ರೇನ್ ಬಾಡಿಗೆಗೆ 3,60,000. ಸುಣ್ಣ, ಉಸುಕು, ಬೆಲ್ಲಕ್ಕೆ 1,70,000. ಹೊಸ ಕಲ್ಲಿಗೆ 1,40,000. ನೀರು ಹರಿದು ಹೋಗುವ ಗಟಾರು ಮತ್ತು ಕಬ್ಬಿಣದ ಕಟಕಟೆಗೆ 1,00,000. ಅಕಸ್ಮಾತ್ ಬರುವ ಖರ್ಚಿಗೆ 60,000. ಒಟ್ಟು 9,40,000 ರೂಪಾಯಿ. ಟ್ರಸ್ಟಿನ ಉಳಿತಾಯದಿಂದ 1,50,000 ತೆಗೆದಿಟ್ಟಿದ್ದೇವೆ, ಊರವರು ಇಲ್ಲಿಯವರೆಗೆ 2,15,000 ಕೊಟ್ಟಿದ್ದಾರೆ. ಇನ್ನು ಬೇಕಾದದ್ದು 5,75,000. ಸರ್ಕಾರದ ಅನುದಾನ ಬಂದಿಲ್ಲ.

ಹೂಳು ಸುಮಾರು 45 ಬ್ರಾಸ್ ಇದೆ. ಅದನ್ನು ಹೊಲಕ್ಕೆ ಒಯ್ಯುವವರು ತಮ್ಮ ಟ್ರ್ಯಾಕ್ಟರ್ ತಂದರೆ ಸಾಕು, ಮಣ್ಣಿಗೆ ದುಡ್ಡಿಲ್ಲ. ಒಡೆದ ಗಾಜು, ಪ್ಲಾಸ್ಟಿಕ್ ಮೊದಲೇ ಆರಿಸಿ ಕೊಡುತ್ತೇವೆ.

ಹೊಂಡ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲ. ಆದರೂ ಪುರಾತತ್ವ ಇಲಾಖೆಗೆ ಬರೆದು ಕೇಳಿದ್ದೇವೆ. ಅವರ ಉತ್ತರದ ಪ್ರತಿ, ಅಂದಾಜು ಪಟ್ಟಿ, ಗುತ್ತಿಗೆದಾರರ ದರಪಟ್ಟಿಗಳು ಗುಡಿಯ ಕಚೇರಿಯಲ್ಲಿವೆ. ಯಾರು ಬೇಕಾದರೂ ಬಂದು ನೋಡಬಹುದು, ದೇಣಿಗೆ ಕೊಟ್ಟಿರಲೇಬೇಕು ಅಂತಿಲ್ಲ.

ಹೊಂಡದ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ಇದೆ. ಇಬ್ಬರ ಸಹಿ ಇಲ್ಲದೆ ಒಂದು ರೂಪಾಯಿಯೂ ಹೊರಗೆ ಬರುವುದಿಲ್ಲ. ಬಂದದ್ದು, ಖರ್ಚಾದದ್ದು ಪ್ರತಿ ಸೋಮವಾರ ಗುಡಿಯ ಬಾಗಿಲ ಬಳಿಯ ಬೋರ್ಡಿನ ಮೇಲೆ ಬರೆಯುತ್ತೇವೆ. ಹಣ ಉಳಿದರೆ ಈ ಹೊಂಡದ ನಿರ್ವಹಣೆಗೇ ಇಡುತ್ತೇವೆ, ಜಾತ್ರೆಗೋ ಗೋಪುರಕ್ಕೋ ಬಳಸುವುದಿಲ್ಲ. ಏನಾದರೂ ಆಗಿ ಕೆಲಸ ಶುರುವಾಗದಿದ್ದರೆ ರಸೀದಿ ನೋಡಿ ವಾಪಸ್ ಕೊಡುತ್ತೇವೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ನಮ್ಮ ಟ್ರಸ್ಟಿಗೆ 80ಜಿ ನೋಂದಣಿ ಇಲ್ಲ. ಆದ್ದರಿಂದ ನಿಮ್ಮ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ದಾನಿಗಳ ಹೆಸರನ್ನು ಪಾವಟಿಗೆಯ ಮೇಲೆ ಕೆತ್ತಿಸುವುದೂ ಇಲ್ಲ. ಕೊಟ್ಟವರೆಲ್ಲರ ಹೆಸರು ಒಂದೇ ಪಟ್ಟಿಯಲ್ಲಿ, ಮೊತ್ತ ಇಲ್ಲದೆ ಇರುತ್ತದೆ. ನೂರು ಕೊಟ್ಟವರೂ ಐವತ್ತು ಸಾವಿರ ಕೊಟ್ಟವರೂ ಅಕ್ಕಪಕ್ಕ. ಹೆಸರೇ ಬೇಡ ಅನ್ನುವವರು ರಸೀದಿ ಬರೆಸುವಾಗ ಹೇಳಿದರಾಯಿತು.

ಶಿವರಾತ್ರಿ ಮುಗಿದ ವಾರವೇ ಕೆಲಸ ಶುರು. ಮಿರಗದ ಮಳೆ ಬರುವುದರೊಳಗೆ ಗೋಡೆ ಎದ್ದಿರಬೇಕು. ಹೂಳೆತ್ತುವಾಗ ಕೈಜೋಡಿಸುವವರು ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಕಲ್ಲಿನ ಕೆಲಸದ ಹತ್ತಿರ ಮಾತ್ರ ಬೇಡ, ಚಿಕ್ಕ ಮಕ್ಕಳನ್ನೂ ಕರೆತರಬೇಡಿ. ಬಂದವರಿಗೆ ಮಧ್ಯಾಹ್ನ ರೊಟ್ಟಿ ಊಟ ಗುಡಿಯಲ್ಲಿದೆ. ಗಣಪತಿ ವಿಸರ್ಜನೆಗೆ ಮುಂದಿನ ವರ್ಷದಿಂದ ಬೇರೆ ತೊಟ್ಟಿ ಕಟ್ಟಿಸುತ್ತೇವೆ. ಹೂಳು ಎತ್ತಿದ ಹೊಂಡಕ್ಕೆ ಮತ್ತೆ ಪ್ಲಾಸ್ಟರ್ ಗಣಪ ಬೇಡ.

ನಗದು ಕೊಡುವವರು ಗುಡಿಯ ಕಚೇರಿಯಲ್ಲೇ ಕೊಟ್ಟು ನಂಬರ್ ಇರುವ ರಸೀದಿ ಪಡೆಯಿರಿ. ಮನೆಮನೆಗೆ ಯಾರನ್ನೂ ಕಳಿಸಿಲ್ಲ. ಫೋನಿನಿಂದ ಕಳಿಸುವವರು ಕಚೇರಿಯ ಗೋಡೆಗೆ ಹಚ್ಚಿದ ಅಥವಾ ಈ ಕರಪತ್ರದ ಹಿಂಬದಿಯ ಕ್ಯೂಆರ್ ಕೋಡ್ ಬಳಸಿ, ಟ್ರಸ್ಟಿನ ಹೆಸರು ಬಂದದ್ದನ್ನು ನೋಡಿಯೇ ಹಣ ಹಾಕಿ. ವಾಟ್ಸಾಪಿನಲ್ಲಿ ಬಂದ ಕೋಡ್‌ಗೆ ಹಾಕಬೇಡಿ, ಅದನ್ನು ನಾವು ಕಳಿಸಿರುವುದಿಲ್ಲ.

ನಿಮ್ಮ ಸೇವೆಯಲ್ಲಿ,
ಅಧ್ಯಕ್ಷರು ಮತ್ತು ಸದಸ್ಯರು,
ಈಶ್ವರ ದೇವಸ್ಥಾನ ಟ್ರಸ್ಟ್ ಕಮಿಟಿ