ಅಕ್ಟೋಬರ್ ಮೊದಲ ವಾರ ನಿಮ್ಮ 25 ನಿಮಿಷ ಬೇಕು ಸರ್: ನಾಪೋಕ್ಲು ತೋಟಗಳ ಲೊಕೇಶನ್ ಮತ್ತು ಪಹಣಿ ಹೆಸರಿನ ವಿಷಯ

ಸರ್, ನಮಸ್ಕಾರ.

ನಾನು ಪೂಣಚ್ಚ, ನಾಪೋಕ್ಲು ಭಾಗದ ಕಾಫಿ ಬೆಳೆಗಾರರ ಗುಂಪಿನ ಕಾರ್ಯದರ್ಶಿ. ನಮ್ಮಲ್ಲಿ 42 ಮನೆಗಳಿವೆ. ಹೋದ ಸೀಸನ್‌ನಲ್ಲಿ ನಮ್ಮ ರೊಬಸ್ಟಾ ಚೆರಿ ಬಹುಪಾಲು ನಿಮ್ಮ ಕಂಪನಿಗೇ ಬಂತು. ರೇಟ್ ಜಾಸ್ತಿ ಮಾಡಿ ಅಂತ ಕೇಳಲು ಬರೆದಿದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯುರೋಪಿಗೆ ಹೋಗುವ ಕಾಫಿಗೆ ತೋಟದ ಲೊಕೇಶನ್ ಕೊಡಬೇಕು ಅಂತ ನಿಮ್ಮವರು ಫಾರಂ ಕೊಟ್ಟಿದ್ದಾರಲ್ಲ, ಅದು 13 ಮನೆಗಳಲ್ಲಿ ಒಂದೇ ಕಾಲಂ ಹತ್ತಿರ ನಿಂತುಹೋಗಿದೆ. ಕುಶಾಲನಗರದ ನಿಮ್ಮ ಆಫೀಸಿನಲ್ಲಿ ಕೇಳಿದರೆ "ಇದು ಮೇಲಿನವರು ಹೇಳಬೇಕು" ಅನ್ನುತ್ತಾರೆ. ಮೇಲಿನವರು ಅಂದರೆ ನೀವೇ ಅಂತ ಗೊತ್ತಾಗಿ ನೇರವಾಗಿ ಬರೆಯುತ್ತಿದ್ದೇನೆ.

ಈ ಮೂರರಲ್ಲಿ ಯಾವುದು ಆಗುತ್ತದೆ ನೋಡಿ:

1) ಅಕ್ಟೋಬರ್ 6, ಮಂಗಳವಾರ, ಬೆಳಿಗ್ಗೆ 11ರಿಂದ 11.25, ಕುಶಾಲನಗರ. ಅವತ್ತು ನೀವು ಕ್ಯೂರಿಂಗ್ ವರ್ಕ್ಸ್‌ಗೆ ಬರುತ್ತೀರಿ ಅಂದರು. ನಾವು ಅಲ್ಲಿಗೇ ಬರುತ್ತೇವೆ, ನಿಮಗೆ ಬೇರೆ ಓಡಾಟ ಇಲ್ಲ.

2) ಅಕ್ಟೋಬರ್ 7, ಬುಧವಾರ, ಸಂಜೆ 5.30ರಿಂದ 5.55, ವಿಡಿಯೊ ಕಾಲ್. ನಾನು ಮಡಿಕೇರಿಗೆ ಬಂದು ಕೂತು ಮಾತಾಡುತ್ತೇನೆ. ನಮ್ಮೂರಲ್ಲಿ ಕರೆಂಟ್ ಹೋದರೆ ಹಿಂದೆಯೇ ಟವರ್ ಕೂಡ ಹೋಗುತ್ತದೆ, ಅದನ್ನು ನಂಬಿಕೊಂಡು ನಿಮ್ಮ ಟೈಮ್ ಹಾಳು ಮಾಡುವುದು ಬೇಡ.

3) ಅಕ್ಟೋಬರ್ 9, ಶುಕ್ರವಾರ, ಬೆಳಿಗ್ಗೆ 9.30ರಿಂದ 9.55, ಬೆಂಗಳೂರಿನ ನಿಮ್ಮ ಆಫೀಸು. ಹಿಂದಿನ ರಾತ್ರಿಯೇ ಬಸ್ ಹತ್ತುತ್ತೇವೆ.

ನನ್ನನ್ನು ಕೇಳಿದರೆ ಮೊದಲನೆಯದೇ ಒಳ್ಳೆಯದು. ಪಹಣಿ, ಮ್ಯಾಪು ಎಲ್ಲ ಮೇಜಿನ ಮೇಲೆ ಹರಡಿ ತೋರಿಸಬಹುದು. ಆಮೇಲಿನ ವಾರಕ್ಕೆ ಹಾಕಬೇಡಿ ಸರ್. ನವರಾತ್ರಿ, ಮಡಿಕೇರಿ ದಸರಾ, ನಡುವೆ ತಲಕಾವೇರಿ ತೀರ್ಥೋದ್ಭವ. ಆಗ ಕೊಡಗಿನಲ್ಲಿ ಯಾರೂ ಕೈಗೆ ಸಿಗುವುದಿಲ್ಲ, ನಾನೂ ಸೇರಿ. ಅದು ಮುಗಿಯುವಷ್ಟರಲ್ಲಿ ಅರೇಬಿಕಾ ಹಣ್ಣಾಗುತ್ತಾ ಬರುತ್ತದೆ, ಆಮೇಲೆ ಕಾಗದ ಪತ್ರ ಹಿಡಿದು ಓಡಾಡಲು ಯಾರಿಗೆ ಪುರುಸೊತ್ತು?

ಇನ್ನು ಮಾತಾಡಬೇಕಾದ್ದು.

ಮೊದಲನೆಯದು ಹೆಸರಿನ ವಿಷಯ, ಇದಕ್ಕೇ 15 ನಿಮಿಷ ಬೇಕು. ನಿಮ್ಮ ಫಾರಂನಲ್ಲಿ "ಮಾಲೀಕರ ಹೆಸರು" ಅಂತ ಒಂದೇ ಕಾಲಂ ಇದೆ, ಪಹಣಿಯಲ್ಲಿರುವ ಹೆಸರೂ ಕಾಫಿ ಮಾರುವವರ ಹೆಸರೂ ಒಂದೇ ಇರಬೇಕು ಅಂತ ಕೆಳಗೆ ಬರೆದಿದೆ. ಜಮ್ಮಾ ಜಾಗದಲ್ಲಿ ಇದು ಹೇಗೆ ಸಾಧ್ಯ ಹೇಳಿ? ಜಾಗ ಒಕ್ಕದ್ದು. ಪಟ್ಟೇದಾರ ಅಂತ ಇರುವುದು ಅಜ್ಜನ ಹೆಸರು, ಅಜ್ಜ ತೀರಿಹೋಗಿ ಎಷ್ಟೋ ಕಾಲವಾಯಿತು. ತೋಟ ನೋಡಿಕೊಳ್ಳುತ್ತಿರುವುದು ಮೊಮ್ಮಗ, ಗೊಬ್ಬರ ಹಾಕುವುದು, ಆಳುಗಳಿಗೆ ಕೂಲಿ ಕೊಡುವುದು, ನಿಮಗೆ ಚೆರಿ ಹಾಕಿ ಬಿಲ್ಲು ತೆಗೆದುಕೊಳ್ಳುವುದು ಎಲ್ಲ ಅವನೇ. ಒಕ್ಕದವರಲ್ಲಿ ಯಾರು ಯಾವ ಕಡೆ ತೋಟ ಮಾಡುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತು, ಪಹಣಿಗೆ ಮಾತ್ರ ಗೊತ್ತಿಲ್ಲ. ಖಾತೆ ಸರಿ ಮಾಡಿಸಿಕೊಂಡು ಬನ್ನಿ ಅಂದರೆ ಅದು ಈ ಸೀಸನ್‌ನಲ್ಲಿ ಆಗುವ ಕೆಲಸವೇ ಅಲ್ಲ. ಸಹಿ ಹಾಕಬೇಕಾದವರಲ್ಲಿ ಒಬ್ಬರು ಮೈಸೂರು, ಒಬ್ಬರು ಸೈನ್ಯದಲ್ಲಿ, ಇನ್ನೊಬ್ಬರು ದುಬೈಯಲ್ಲಿ.

ಯುರೋಪಿನವರ ಕಾನೂನು ಮುಖ್ಯವಾಗಿ ಕೇಳುವುದು ಕಾಫಿ ಯಾವ ಜಾಗದ್ದು, 2020ರ ಡಿಸೆಂಬರ್ 31ರ ನಂತರ ಅಲ್ಲಿ ಕಾಡು ಕಡಿದಿದ್ದಾರಾ, ಇಲ್ಲಿನ ಕಾನೂನಿನ ಪ್ರಕಾರ ಬೆಳೆದಿದ್ದಾ ಅಂತ. ಅದಕ್ಕೆಲ್ಲ ನಮ್ಮ ಹತ್ತಿರ ಉತ್ತರ ಇದೆ. ಹಾಗಾಗಿ ನಾವು ಕೇಳುವುದು ಇಷ್ಟು: ಒಂದು ಕಾಲಂ ಎರಡು ಮಾಡಿ. ಒಂದರಲ್ಲಿ ತೋಟ ಮಾಡುತ್ತಿರುವವರ ಹೆಸರು, ಇನ್ನೊಂದರಲ್ಲಿ ಸರ್ವೆ ನಂಬರ್ ಜೊತೆ ಪಟ್ಟೇದಾರರ ಹೆಸರು. ಜೊತೆಗೆ ಒಕ್ಕದ ಹಿರಿಯರು ಸಹಿ ಹಾಕಿದ ಒಪ್ಪಿಗೆ ಪತ್ರ ಕೊಡುತ್ತೇವೆ. ಒಂದು ಪತ್ರದ ನಮೂನೆ ಬರೆಸಿ ಇಟ್ಟಿದ್ದೇನೆ. ನಿಮ್ಮ ಲಾಯರ್ ಅದನ್ನು ತಿದ್ದಿದರೂ ಪರವಾಗಿಲ್ಲ, ಆದರೆ ಆಗುತ್ತದೆ ಅಥವಾ ಆಗುವುದಿಲ್ಲ ಅಂತ ಒಂದು ಮಾತು ಬೇಕು.

ಎರಡನೆಯದು ಸಿಲ್ವರ್ ಓಕ್, 5 ನಿಮಿಷ ಸಾಕು. ನಮ್ಮ ತೋಟಗಳು ನೆರಳಿನ ತೋಟಗಳು, ಮೇಲಿನಿಂದ ನೋಡಿದರೆ ಕಾಡೇ. ಮಗಳ ಮದುವೆಗೋ ಮನೆ ಕಟ್ಟಲಿಕ್ಕೋ ಯಾರಾದರೂ ಸಿಲ್ವರ್ ಓಕ್ ಮಾರಿದರೆ ಸ್ಯಾಟಲೈಟ್ ಚಿತ್ರದಲ್ಲಿ ಅಲ್ಲೊಂದು ಬೋಳು ಮಚ್ಚೆ ಕಾಣುತ್ತದೆ, ಕಾಡು ಕಡಿದರು ಅಂತ ಆಗುತ್ತದೆ. ಕೆಳಗೆ ಕಾಫಿ ಗಿಡ ಹಾಗೇ ಇರುತ್ತದೆ ಅನ್ನುವುದು ಆ ಚಿತ್ರಕ್ಕೆ ಕಾಣಿಸದು. ಮರದ ಕೆಳಗೆ ಬೆಳೆ ತೆಗೆಯುವ ತೋಟವನ್ನು ಅವರ ಕಾನೂನೇ ಕಾಡು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ವಾ? ನಮ್ಮಲ್ಲಿ ಇಂಥ ನಾಲ್ಕು ತೋಟಗಳಿವೆ. ನಿಮ್ಮ ಮ್ಯಾಪ್ ನೋಡುವವರು ಅದನ್ನು ತಳ್ಳಿಹಾಕುವ ಮೊದಲು ನಮಗೆ ಒಂದು ಫೋನ್ ಮಾಡಲಿ, ತೋಟಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತೇವೆ.

ಕೊನೆಯದು ಮೂಟೆ. ಲೊಕೇಶನ್ ಕೊಟ್ಟ ಮೇಲೆ ಒಬ್ಬರ ಚೆರಿ ಇನ್ನೊಬ್ಬರದಕ್ಕೆ ಬೆರೆಯಬಾರದು ಅಂತ ನಿಮ್ಮವರು ಹೇಳಿದ್ದಾರೆ, ಅದು ಸರಿಯೇ. ಆದರೆ ಹತ್ತು ಮೂಟೆ ಇರುವವನಿಗೆ ಬೇರೆ ಲಾರಿ ಬರುತ್ತದಾ? ಲಾರಿ ಒಂದೇ ಇರಲಿ, ಮೂಟೆಗೆ ಚೀಟಿ ಹೊಲಿದು ಕಳುಹಿಸುತ್ತೇವೆ. ಔಟ್‌ಟರ್ನ್ ಮಾತ್ರ ಮೂಟೆಯ ಮಾಲೀಕನ ಎದುರಿಗೇ ನೋಡಬೇಕು. 50 ಕೆಜಿ ಚೆರಿಗೆ ಕ್ಲೀನ್ ಕಾಫಿ 26 ಬಂತಾ 27 ಬಂತಾ ಅನ್ನುವುದರ ಮೇಲೆ ಇಡೀ ಲೋಡಿನ ದುಡ್ಡು ನಿಂತಿರುವಾಗ, ಸ್ಯಾಂಪಲ್ ಒಳಗೆ ತೆಗೆದುಕೊಂಡು ಹೋಗಿ ಚೀಟಿಯಲ್ಲಿ ನಂಬರ್ ಬರೆದು ಕೊಟ್ಟರೆ ಯಾರು ನಂಬುತ್ತಾರೆ? ಚೀಟಿ ಹೊಲಿಯುವ ಖರ್ಚು ಯಾರದ್ದು ಅನ್ನುವುದನ್ನೂ ಅಲ್ಲೇ ಮುಗಿಸೋಣ. ಅರ್ಧ ನಮ್ಮದು ಅಂದರೂ ನಾವು ರೆಡಿ.

ನಮ್ಮ ಕಡೆಯಿಂದ ಬರುವುದು ಮೂರೇ ಜನ. ನಾನು, ಜಮ್ಮಾ ಜಾಗದ ಒಬ್ಬ ಬೆಳೆಗಾರ, ಮತ್ತು ಲೊಕೇಶನ್ ತೆಗೆದ ನಮ್ಮ ಹುಡುಗಿ. ಅವಳು 42 ತೋಟಕ್ಕೂ ನಡೆದು ಮೊಬೈಲ್‌ನಲ್ಲಿ ಪಾಯಿಂಟ್ ತೆಗೆದಿದ್ದಾಳೆ. 4 ಹೆಕ್ಟೇರ್‌ಗಿಂತ, ಅಂದರೆ ಹತ್ತಿರ ಹತ್ತಿರ 10 ಎಕರೆಗಿಂತ, ದೊಡ್ಡದಾದ ಆರು ತೋಟಗಳಿಗೆ ಪೂರ್ತಿ ಗಡಿ ಸುತ್ತಿದ್ದಾಳೆ, ಅದೂ ಮಳೆಗಾಲದಲ್ಲಿ, ಜಿಗಣೆ ಕಚ್ಚಿಸಿಕೊಂಡು. ಆ ಫೈಲ್, ಒಪ್ಪಿಗೆ ಪತ್ರದ ನಮೂನೆ, ಒಂದು ಪಹಣಿ ಇದರ ಜೊತೆಗೇ ಕಳುಹಿಸಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಪಹಣಿ ಒಂದನ್ನು ನೋಡಿ ಸಾಕು, ವಿಷಯ ಅರ್ಥವಾಗುತ್ತದೆ.

ಉತ್ತರಕ್ಕೆ ಉದ್ದ ಬರೆಯುವುದು ಬೇಡ. ಇದೇ ಮೇಲ್‌ಗೆ 1, 2 ಅಥವಾ 3 ಅಂತ ನಂಬರ್ ಹಾಕಿ ಕಳುಹಿಸಿ, ಅಕ್ಟೋಬರ್ 1ರೊಳಗೆ ಸಿಕ್ಕರೆ ಒಳ್ಳೆಯದು. ನೀವು ಹೇಳುವ ತನಕ ಮೂರು ದಿನವನ್ನೂ ಖಾಲಿ ಇಟ್ಟುಕೊಂಡಿರುತ್ತೇವೆ. ಮೂರೂ ಆಗದಿದ್ದರೆ ನಿಮ್ಮ ಬದಲು ಬೇರೆಯವರನ್ನು ಕಳುಹಿಸಬಹುದು, ಆದರೆ ಅವರು ಕಾಲಂ ವಿಷಯದಲ್ಲಿ ಹೌದು ಅಥವಾ ಇಲ್ಲ ಅನ್ನುವ ಅಧಿಕಾರ ಇರುವವರಾಗಿರಬೇಕು. ಕೇಳಿ ಹೇಳುತ್ತೇನೆ ಅನ್ನುವವರು ಬಂದರೆ ಮತ್ತೆ ನಿಮಗೇ ಮೇಲ್ ಬರುತ್ತದೆ.

ಪೂಣಚ್ಚ
ಕಾರ್ಯದರ್ಶಿ, ನಾಪೋಕ್ಲು ಭಾಗದ ಬೆಳೆಗಾರರ ಗುಂಪಿನ ಪರವಾಗಿ

ತಾ.ಕ.: 6ರಂದು ಬರುವುದಾದರೆ ಕುಶಾಲನಗರದ ಗೇಟಿನಲ್ಲಿ ನಮ್ಮ ಮೂವರ ಹೆಸರು ಹೇಳಿಟ್ಟಿರಿ ಸರ್. ಹೋದ ಸಲ ಸೆಕ್ಯುರಿಟಿಯವರು ಅರ್ಧ ಗಂಟೆ ಹೊರಗೇ ನಿಲ್ಲಿಸಿದ್ದರು.