ಹಂತದ ಬಿಲ್‌ಗಳ ಬಾಕಿ ಮತ್ತು ನಷ್ಟ ಪರಿಹಾರಕ್ಕಾಗಿ ಕ್ಲೇಮು ಹೇಳಿಕೆ

ಮೈಸೂರಿನಲ್ಲಿ ಕುಳಿತಿರುವ ಏಕ ಮಧ್ಯಸ್ಥಗಾರರ ಮುಂದೆ
ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆ, 1996ರ ಕಲಂ 23ರ ಅಡಿಯಲ್ಲಿ

ಕ್ಲೇಮುದಾರ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿರುವ ಶೆಡ್ ನಿರ್ಮಾಣ ಗುತ್ತಿಗೆದಾರ, ಏಕಮಾಲೀಕ.
ಎದುರು ಪಕ್ಷ: ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯಲ್ಲಿ ಬೆಲ್ಲ ತಯಾರಿಕಾ ಘಟಕ ನಡೆಸುವ ಪಾಲುದಾರಿಕೆ ಸಂಸ್ಥೆ.

ಮಾನ್ಯರೇ,

1. ಎದುರು ಪಕ್ಷದ ಬೆಲ್ಲದ ಘಟಕಕ್ಕೆ 1,000 ಚದರ ಮೀಟರ್‌ನ ಉಕ್ಕಿನ ಶೆಡ್ ಕಟ್ಟಿಕೊಡಲು 10 ಜನವರಿ 2024ರಂದು ನಾವು ಕರಾರು ಮಾಡಿಕೊಂಡೆವು (ದಾಖಲೆ ಕ-1). ಒಟ್ಟು ಬೆಲೆ ರೂ. 1,20,00,000, ಜಿಎಸ್‌ಟಿ ಬೇರೆ. ಹಣ ಆರು ಹಂತಗಳಲ್ಲಿ ಬರಬೇಕಿತ್ತು. ಮುಂಗಡ ಮತ್ತು ಪಾಯದ ಬಿಲ್ ಬಂದಿವೆ, ಅವುಗಳ ಬಗ್ಗೆ ತಕರಾರಿಲ್ಲ. ಜಗಳ ಇರುವುದು ಮೂರು, ನಾಲ್ಕು ಮತ್ತು ಐದನೇ ಹಂತದ ಬಿಲ್‌ಗಳ ಮೇಲೆ.

2. ಕರಾರಿನ 22ನೇ ಷರತ್ತಿನಂತೆ ವಿವಾದಗಳು ಏಕ ಮಧ್ಯಸ್ಥಗಾರರ ಮುಂದೆ ಬರಬೇಕು. ಸ್ಥಾನ ಮೈಸೂರು, ಭಾಷೆ ಕನ್ನಡ. ಡಿಸೆಂಬರ್ 2024ರಲ್ಲಿ ಮಾತುಕತೆ ನಡೆಯಿತು, ಫಲ ಸಿಗಲಿಲ್ಲ. ಕಲಂ 21ರ ನೋಟಿಸನ್ನು 17 ಫೆಬ್ರವರಿ 2025ರಂದು ಕಳಿಸಿದೆ, ಎದುರು ಪಕ್ಷಕ್ಕೆ 19ರಂದು ತಲುಪಿದೆ (ಕ-2). ಎರಡೂ ಕಡೆಯವರು ಒಪ್ಪಿ ತಮ್ಮನ್ನು ನೇಮಿಸಿದ್ದೇವೆ. 26 ಮೇ 2025ರ ಮೊದಲ ಬೈಠಕ್‌ನಲ್ಲಿ ತಾವು ಕೊಟ್ಟ ಗಡುವಿನೊಳಗೆ ಈ ಹೇಳಿಕೆ ಸಲ್ಲಿಸುತ್ತಿದ್ದೇನೆ. ಎಲ್ಲ ಬಿಲ್‌ಗಳೂ 2024ರವು, ಹಾಗಾಗಿ ಮೂರು ವರ್ಷದ ಕಾಲಮಿತಿಯ ಪ್ರಶ್ನೆ ಬರುವುದಿಲ್ಲ.

ನಡೆದದ್ದು

3. ಹಣದ ಕ್ರಮ ಕರಾರಿನ 9ನೇ ಷರತ್ತಿನಲ್ಲಿದೆ. ಹಂತ ಮುಗಿದಾಗ ಎದುರು ಪಕ್ಷದ ಸೈಟ್ ಎಂಜಿನಿಯರ್ ಪರೀಕ್ಷಿಸಿ ಸರ್ಟಿಫಿಕೇಟ್‌ಗೆ ಸಹಿ ಹಾಕಬೇಕು. ಆಮೇಲೆ ನಾನು ಬಿಲ್ ಕೊಡಬೇಕು. ತಕರಾರಿದ್ದರೆ ಏಳು ದಿನದಲ್ಲಿ ಬರವಣಿಗೆಯಲ್ಲಿ ಹೇಳಬೇಕು. ಇಲ್ಲದಿದ್ದರೆ ಬಿಲ್ ತಾರೀಖಿನಿಂದ 21 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 12ರ ಸರಳ ಬಡ್ಡಿ, ಇದು 14ನೇ ಷರತ್ತು.

4. ಮೂರನೇ ಹಂತ ಉಕ್ಕಿನ ಚೌಕಟ್ಟು ನಿಲ್ಲಿಸುವುದು. ಎಂಜಿನಿಯರ್ 31 ಮೇ 2024ರಂದು ಸಹಿ ಹಾಕಿದರು (ಕ-3). 3 ಜೂನ್‌ಗೆ ಬಿಲ್ ಕೊಟ್ಟೆ: ರೂ. 36,00,000, ಜಿಎಸ್‌ಟಿ ರೂ. 6,48,000, ಒಟ್ಟು ರೂ. 42,48,000 (ಕ-4). ಗಡುವು 24 ಜೂನ್. 19 ಜುಲೈಗೆ ರೂ. 8,00,000 ಮಾತ್ರ ಬ್ಯಾಂಕ್ ಮೂಲಕ ಬಂತು (ಕ-5). ಉಳಿದದ್ದು ಇವತ್ತಿಗೂ ಬಂದಿಲ್ಲ.

5. ನಾಲ್ಕನೇ ಹಂತ ಚಾವಣಿ ಮತ್ತು ಗೋಡೆಯ ಶೀಟ್. ಸರ್ಟಿಫಿಕೇಟ್ 2 ಆಗಸ್ಟ್ 2024 (ಕ-6). ಬಿಲ್ 5 ಆಗಸ್ಟ್: ರೂ. 24,00,000, ಜಿಎಸ್‌ಟಿ ರೂ. 4,32,000, ಒಟ್ಟು ರೂ. 28,32,000 (ಕ-7). ಗಡುವು 26 ಆಗಸ್ಟ್. ಒಂದು ರೂಪಾಯಿಯೂ ಬರಲಿಲ್ಲ.

6. ಈ ಎರಡು ಬಿಲ್‌ಗಳಿಗೆ ಏಳು ದಿನದಲ್ಲಿ ಬರವಣಿಗೆಯ ತಕರಾರು ಒಂದೂ ಬರಲಿಲ್ಲ. ಬದಲಿಗೆ 21 ಆಗಸ್ಟ್ 2024ರಂದು ಒಬ್ಬ ಪಾಲುದಾರರು ವಾಟ್ಸಾಪ್‌ನಲ್ಲಿ ಬರೆದರು: "ಬ್ಯಾಂಕ್ ಲೋನಿನ ಕಂತು ಬಂದ ತಕ್ಷಣ ಹಾಕ್ತೀವಿ, ಕೆಲಸ ನಿಲ್ಲಿಸಬೇಡಿ" (ಕ-8). ಇಲ್ಲಿ ಕೆಲಸ ಸರಿಯಿಲ್ಲ ಎನ್ನುವ ಮಾತೇ ಇಲ್ಲ. ಇರುವುದು ಹಣ ಇನ್ನೂ ಬಂದಿಲ್ಲ ಎನ್ನುವ ಕಾರಣ ಮಾತ್ರ. ಆ ಮಾತು ನಂಬಿ ನಾನು ನೆಲದ ಕಾಂಕ್ರೀಟ್ ಕೆಲಸ ಮುಂದುವರಿಸಿದೆ, ಆಳುಗಳ ಕೂಲಿಯನ್ನು ಓವರ್‌ಡ್ರಾಫ್ಟ್‌ನಿಂದ ಕೊಟ್ಟೆ.

7. ಅಷ್ಟಾದರೂ ಹಣ ಬರಲಿಲ್ಲ. 16ನೇ ಷರತ್ತಿನಂತೆ 16 ಸೆಪ್ಟೆಂಬರ್ 2024ರಂದು 14 ದಿನದ ನೋಟಿಸ್ ಕೊಟ್ಟೆ (ಕ-9). 28 ಸೆಪ್ಟೆಂಬರ್‌ಗೆ ಇಬ್ಬರೂ ಸೇರಿ ನೆಲ ಅಳೆದೆವು. 640 ಚದರ ಮೀಟರ್ ಮುಗಿದಿದೆ ಎಂದು ಅಳತೆ ಪುಸ್ತಕದಲ್ಲಿ ಎರಡೂ ಕಡೆಯ ಸಹಿ ಇದೆ (ಕ-10). 1 ಅಕ್ಟೋಬರ್‌ನಿಂದ ಕೆಲಸ ನಿಲ್ಲಿಸಿದೆ. ಐದನೇ ಹಂತದ ರೂ. 12,00,000ರಲ್ಲಿ ನೆಲದ ಪಾಲು ರೂ. 9,00,000, ಚರಂಡಿಯದು ರೂ. 3,00,000. ಕೆಲಸ ನಿಂತರೆ ಆದಷ್ಟಕ್ಕೆ ಅಳತೆ ಪ್ರಕಾರ ಹಣ ಕೊಡಬೇಕೆಂದು ಅದೇ ಷರತ್ತು ಹೇಳುತ್ತದೆ. ನೆಲದ ಪಾಲಿನ ಶೇ. 64, ಅಂದರೆ ರೂ. 5,76,000, ಜಿಎಸ್‌ಟಿ ಸೇರಿ ರೂ. 6,79,680ಕ್ಕೆ 4 ಅಕ್ಟೋಬರ್‌ನಲ್ಲಿ ಬಿಲ್ ಕೊಟ್ಟೆ (ಕ-11). ಗಡುವು 25 ಅಕ್ಟೋಬರ್. ಅದೂ ಬಾಕಿ.

8. ನವೆಂಬರ್ 2024ರಲ್ಲಿ ಎದುರು ಪಕ್ಷ ಅದೇ ಶೆಡ್‌ನಲ್ಲಿ ಕೊಪ್ಪರಿಗೆ ಇಟ್ಟು ಕಬ್ಬು ಅರೆಯಲು ಶುರು ಮಾಡಿತು. ತಾರೀಖಿರುವ ಫೋಟೋಗಳು ಕ-12ರಲ್ಲಿವೆ. ನಾನು ನಿಲ್ಲಿಸಿದ ಕಂಬ, ನಾನು ಹೊದಿಸಿದ ಶೀಟಿನ ಕೆಳಗೆ ಆ ಹಂಗಾಮಿನ ಬೆಲ್ಲ ತಯಾರಾಯಿತು. ನನ್ನ ಬಿಲ್ ಮಾತ್ರ ಹಾಗೇ ಉಳಿಯಿತು. ಕೊನೆಗೆ 6 ಜನವರಿ 2025ರಂದು ಕರಾರು ಕೊನೆಗೊಳಿಸಿದೆ (ಕ-13).

ಎದುರು ಪಕ್ಷವೇ ಒಪ್ಪಿಕೊಂಡಿರುವ ಲೆಕ್ಕ

9. ಮಾನ್ಯರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ನನ್ನ 26ಎಎಸ್ ಹೇಳಿಕೆಯಲ್ಲಿ ಮೂರನೇ ಬಿಲ್‌ಗೆ ರೂ. 36,000, ನಾಲ್ಕನೇ ಬಿಲ್‌ಗೆ ರೂ. 24,000 ಟಿಡಿಎಸ್ ಕಾಣುತ್ತದೆ (ಕ-14). ಇದು ಆದಾಯ ತೆರಿಗೆ ಕಾಯ್ದೆ, 1961ರ ಕಲಂ 194ಸಿಯಂತೆ ಪೂರ್ತಿ ಮೂಲ ಮೊತ್ತದ ಶೇ. 1. ಹಣ ಕೊಡುವಾಗ ಅಥವಾ ಲೆಕ್ಕಕ್ಕೆ ಜಮಾ ಮಾಡುವಾಗ, ಯಾವುದು ಮೊದಲೋ ಆಗ ಈ ತೆರಿಗೆ ಹಿಡಿಯಬೇಕು. ನಾಲ್ಕನೇ ಬಿಲ್‌ಗೆ ಹಣವೇ ಕೊಟ್ಟಿಲ್ಲ. ಆದರೂ ಟಿಡಿಎಸ್ ಕಟ್ಟಿದ್ದಾರೆ. ಅಂದರೆ ಬಿಲ್ ಅನ್ನು ತಮ್ಮ ಪುಸ್ತಕದಲ್ಲಿ ಕೊಡಬೇಕಾದ ಸಾಲವಾಗಿ ಬರೆದುಕೊಂಡಿದ್ದಾರೆ. ಪೂರ್ತಿ ಬಿಲ್ ಒಪ್ಪದವರು ಪೂರ್ತಿ ಬಿಲ್ ಮೇಲೆ ತೆರಿಗೆ ಯಾಕೆ ಕಟ್ಟುತ್ತಾರೆ?

10. ಮೂರೂ ಬಿಲ್‌ಗಳ ಜಿಎಸ್‌ಟಿಯನ್ನು ನಾನು ಜಿಎಸ್‌ಟಿಆರ್-3ಬಿ ಮೂಲಕ ಕೈಯಿಂದ ಕಟ್ಟಿದ್ದೇನೆ (ಕ-15). ಎದುರು ಪಕ್ಷ ಆ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆದಿದೆಯೇ ಎಂದು ತಿಳಿಯಲು ಅವರ ಕ್ರೆಡಿಟ್ ಲೆಡ್ಜರ್ ಮತ್ತು ನನ್ನ ಖಾತೆಯ ಲೆಡ್ಜರ್ ಹಾಜರುಪಡಿಸಲು ಆದೇಶಿಸಬೇಕು.

ಅವರ ಎರಡು ಸಬೂಬುಗಳು

11. ನೋಟಿಸಿಗೆ 10 ಮಾರ್ಚ್ 2025ರ ಉತ್ತರದಲ್ಲಿ (ಕ-16) ಎದುರು ಪಕ್ಷ ಚಾವಣಿ ಸೋರುತ್ತದೆ ಎಂದಿದೆ. 6 ಸೆಪ್ಟೆಂಬರ್ 2024ರ ಮಳೆಗೆ ಎರಡು ಕಡೆ ನೀರು ಜಿನುಗಿದ್ದು ನಿಜ. 11ಕ್ಕೆ ಸರಿಪಡಿಸಿದೆ. ಅವತ್ತೇ ಅವರ ಎಂಜಿನಿಯರ್ "ಈಗ ಸೋರ್ತಿಲ್ಲ" ಎಂದು ಮೆಸೇಜ್ ಹಾಕಿದ್ದಾರೆ (ಕ-17). ನಂತರ ಆರು ತಿಂಗಳು ಈ ವಿಚಾರವನ್ನು ಯಾರೂ ಎತ್ತಲಿಲ್ಲ.

12. ಎರಡನೆಯದು, ಕೆಲಸ ತಡವಾಯಿತು, ಅದಕ್ಕೆ ರೂ. 6,00,000 ದಂಡ ಎನ್ನುವುದು. ಕೆಲಸ ಮುಗಿಸುವ ಗಡುವು 30 ಸೆಪ್ಟೆಂಬರ್ 2024. ಆದರೆ 25 ಜನವರಿಗೆ ಕೊಡಬೇಕಿದ್ದ ಪಾಯದ ಡ್ರಾಯಿಂಗ್ ಸಿಕ್ಕಿದ್ದು 20 ಫೆಬ್ರವರಿಗೆ, 26 ದಿನ ತಡವಾಗಿ. ಸೈಟ್ ಮೀಟಿಂಗ್ ನಡಾವಳಿಯಲ್ಲಿ ಇದಿದೆ (ಕ-18). ಆ ದಿನಗಳನ್ನು ಸೇರಿಸಿದರೆ ಗಡುವು 26 ಅಕ್ಟೋಬರ್‌ಗೆ ಹೋಗುತ್ತದೆ. ಅಷ್ಟರಲ್ಲಿ ಹಣ ಬಾರದ ಕಾರಣಕ್ಕೆ ಕರಾರಿನ ಪ್ರಕಾರವೇ ಕೆಲಸ ನಿಂತಿತ್ತು.

ಲೆಕ್ಕ

13. ಬಡ್ಡಿಯನ್ನು 30 ಜೂನ್ 2025ರವರೆಗೆ, ವರ್ಷಕ್ಕೆ 365 ದಿನ ಹಿಡಿದು ಲೆಕ್ಕ ಹಾಕಿದ್ದೇನೆ. ಟಿಡಿಎಸ್ ಮತ್ತು ಬಂದ ರೂ. 8,00,000 ಎರಡನ್ನೂ ಕಳೆದಿದ್ದೇನೆ. ಮೂರನೇ ಬಿಲ್‌ಗೆ ರೂ. 42,12,000ದ ಮೇಲೆ 25 ದಿನ, ನಂತರ ರೂ. 34,12,000ದ ಮೇಲೆ 346 ದಿನ. ನಾಲ್ಕನೆಯದಕ್ಕೆ 308 ದಿನ, ಐದನೆಯದಕ್ಕೆ 248 ದಿನ.

| ಬಾಬ್ತು | ಅಸಲು (ರೂ.) | ಬಡ್ಡಿ (ರೂ.) |
|---|---|---|
| ಮೂರನೇ ಬಿಲ್ ಬಾಕಿ | 34,12,000 | 4,22,746 |
| ನಾಲ್ಕನೇ ಬಿಲ್ | 28,08,000 | 2,84,339 |
| ಐದನೇ ಬಿಲ್ | 6,79,680 | 55,417 |
| ಒಟ್ಟು | 68,99,680 | 7,62,502 |

14. ಬಿಲ್ ಬಾಕಿಯ ಹೊರತಾದ ನಷ್ಟವನ್ನು ಭಾರತೀಯ ಕರಾರು ಕಾಯ್ದೆ, 1872ರ ಕಲಂ 73ರ ಅಡಿಯಲ್ಲಿ ಕೇಳುತ್ತಿದ್ದೇನೆ.

ಕೆಲಸ ನಿಂತ ಮೇಲೆ ನನ್ನ ಸಾಮಾನನ್ನು ಗೇಟಿನಿಂದ ಹೊರಗೆ ಬಿಡಲಿಲ್ಲ. ಕೊನೆಗೆ 18 ನವೆಂಬರ್‌ಗೆ ಗೇಟ್‌ಪಾಸ್ ಕೊಟ್ಟರು (ಕ-19). ಆ 49 ದಿನಕ್ಕೆ ಸಾರುವೆ ಬಾಡಿಗೆ ದಿನಕ್ಕೆ ರೂ. 2,400, ಮಿಕ್ಸರ್ ಮತ್ತು ವೆಲ್ಡಿಂಗ್ ಸೆಟ್ ಬಾಡಿಗೆ ರೂ. 1,100, ವಾಚ್‌ಮನ್ ರೂ. 700. ಒಟ್ಟು ರೂ. 2,05,800, ರಸೀದಿಗಳು ಕ-20. ಆಳುಗಳನ್ನು ಬೇರೆ ಸೈಟಿಗೆ ಕಳಿಸಿದ್ದರಿಂದ ಅವರ ಕೂಲಿ ಕೇಳುತ್ತಿಲ್ಲ.

ಚರಂಡಿ ಜಾಲರಿ ಮತ್ತು ಬಾಗಿಲುಗಳನ್ನು ಈ ಶೆಡ್ಡಿನ ಅಳತೆಗೇ ಮಾಡಿಸಿದ್ದೆ. ಬೇರೆಲ್ಲೂ ಕೂರುವುದಿಲ್ಲ. ಖರ್ಚು ರೂ. 3,18,000. ಗುಜರಿಗೆ ಕೆಜಿಗೆ ರೂ. 30ರಂತೆ 3,200 ಕೆಜಿ ಮಾರಿದಾಗ ರೂ. 96,000 ಬಂತು. ಅದನ್ನು ಕಳೆದು ರೂ. 2,22,000 (ಕ-21).

ಮಾಡಲಾಗದೆ ಉಳಿದ ಕೆಲಸ ರೂ. 12,24,000ದ್ದು: ಐದನೇ ಹಂತದಲ್ಲಿ ರೂ. 6,24,000, ಆರನೆಯದರಲ್ಲಿ ರೂ. 6,00,000. ಕರಾರಿಗೆ ಮುಂಚಿನ ನನ್ನ ದರ ವಿಶ್ಲೇಷಣೆಯಲ್ಲಿ ಖರ್ಚೆಲ್ಲ ಕಳೆದ ಲಾಭ ಶೇ. 10 (ಕ-22). ಆ ಲೆಕ್ಕದಲ್ಲಿ ರೂ. 1,22,400. ಗುತ್ತಿಗೆದಾರನನ್ನು ಕಾನೂನುಬಾಹಿರವಾಗಿ ಕೆಲಸದಿಂದ ತಡೆದಾಗ ನಿರೀಕ್ಷಿತ ಲಾಭಕ್ಕೆ ಪರಿಹಾರ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1984ರ ಎ.ಟಿ. ಬ್ರಿಜ್ ಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಣ ಕೊಡದೆ ಕೆಲಸ ನಿಲ್ಲುವಂತೆ ಮಾಡಿದ್ದೂ ಅದೇ ಪರಿಣಾಮ ತಂದಿದೆ.

ರೂ. 6,00,000ದ ಬ್ಯಾಂಕ್ ಗ್ಯಾರಂಟಿಯನ್ನು ಎದುರು ಪಕ್ಷ ವಾಪಸ್ ಮಾಡಿಲ್ಲ. ಅಕ್ಟೋಬರ್ 2024ರಿಂದ ಮೂರು ತ್ರೈಮಾಸಿಕಕ್ಕೆ ತಲಾ ರೂ. 4,500 ಕಮಿಷನ್ ಕಟ್ಟಿದ್ದೇನೆ, ರೂ. 13,500 (ಕ-23).

ಓವರ್‌ಡ್ರಾಫ್ಟ್ ಬಡ್ಡಿಯನ್ನು ಕೇಳುತ್ತಿಲ್ಲ. ಕರಾರಿನ ಬಡ್ಡಿ ಕೇಳುವಾಗ ಅದನ್ನೂ ಕೇಳಿದರೆ ಒಂದೇ ನಷ್ಟಕ್ಕೆ ಎರಡು ಸಲ ಕೇಳಿದಂತಾಗುತ್ತದೆ.

15. ನಷ್ಟದ ಬಾಬ್ತು ರೂ. 5,63,700. ಅಸಲು, ಬಡ್ಡಿ, ನಷ್ಟ ಸೇರಿ ರೂ. 82,25,882.

16. ವಾಟ್ಸಾಪ್ ಮತ್ತು ಫೋಟೋಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63(4)ರ ಪ್ರಮಾಣಪತ್ರ ಕ-24ರಲ್ಲಿದೆ. ಎಲ್ಲ ದಾಖಲೆಗಳ ಪ್ರತಿ ಎದುರು ಪಕ್ಷಕ್ಕೆ ತಲುಪಿದೆ. ಮೂಲ ದಾಖಲೆಗಳು ನನ್ನ ಬಳಿ ಇವೆ, ಹೇಳಿದ ದಿನ ತರುತ್ತೇನೆ. ನಾನೇ ಸಾಕ್ಷಿ ನುಡಿಯುತ್ತೇನೆ.

ಕೋರಿಕೆ

17. ಆದ್ದರಿಂದ ಎದುರು ಪಕ್ಷ ನನಗೆ ರೂ. 82,25,882 ಕೊಡಬೇಕೆಂದು, ರೂ. 68,99,680ರ ಮೇಲೆ 1 ಜುಲೈ 2025ರಿಂದ ತೀರ್ಪಿನ ದಿನದವರೆಗೆ ಶೇ. 12ರಂತೆ, ಅಂದರೆ ದಿನಕ್ಕೆ ಸುಮಾರು ರೂ. 2,268 ಬಡ್ಡಿ ಕೊಡಬೇಕೆಂದು, ತೀರ್ಪಿನ ನಂತರ ಹಣ ಕೈಸೇರುವವರೆಗೂ ಕಲಂ 31(7)ರ ಪ್ರಕಾರ ಬಡ್ಡಿ ಕೊಡಬೇಕೆಂದು, ಬ್ಯಾಂಕ್ ಗ್ಯಾರಂಟಿಯನ್ನು ವಾಪಸ್ ಮಾಡಬೇಕೆಂದು, ದಂಡದ ಬೇಡಿಕೆ ನಿಲ್ಲುವುದಿಲ್ಲವೆಂದು ತೀರ್ಪು ನೀಡಬೇಕು. ಕಲಂ 31ಎ ಅಡಿಯಲ್ಲಿ ಈ ಮಧ್ಯಸ್ಥಿಕೆಯ ಖರ್ಚನ್ನೂ ಕೊಡಿಸಬೇಕೆಂದು ಪ್ರಾರ್ಥಿಸುತ್ತೇನೆ.

ದೃಢೀಕರಣ

ಮೇಲೆ ಬರೆದಿರುವ ಸಂಗತಿಗಳು ನನಗೆ ತಿಳಿದಂತೆ ಮತ್ತು ನನ್ನ ಲೆಕ್ಕಪುಸ್ತಕದಂತೆ ನಿಜ. ಕಾನೂನಿನ ಮಾತುಗಳು ನನಗೆ ಸಿಕ್ಕ ಸಲಹೆಯಂತೆ ಸರಿ ಎಂದು ನಂಬಿದ್ದೇನೆ. ಯಾವುದನ್ನೂ ಮುಚ್ಚಿಟ್ಟಿಲ್ಲ.

ಸ್ಥಳ: ಮೈಸೂರು
ದಿನಾಂಕ: 30 ಜೂನ್ 2025

ಸಹಿ/-
ಕ್ಲೇಮುದಾರ